ಪದಚರ್ಚೆ: ನಾಚ್ ಫಿಲ್ಟರ್‌ಗೆ ‘ಕಚ್ಚು ಸೋಸುಕ’ ಆದೀತೇ?

ಎಲ್ಲರಿಗೂ ನಮಸ್ಕಾರ. ಸ್ಕ್ಯಾನ್ ಮಾಡಿದ ಪುಟದ ಮೇಲೆ ಸಮ ಅಂತರದಲ್ಲಿ ಬೀಳುವ ಅಡ್ಡಪಟ್ಟೆಗಳನ್ನು ನಾಚ್ ಫಿಲ್ಟರ್‌ನಿಂದ, ಅಂದರೆ ಆಯ್ದ ಫ್ರೀಕ್ವೆನ್ಸಿಯನ್ನಷ್ಟೇ ತಗ್ಗಿಸುವ ಸೋಸುಕದಿಂದ, ತೆಗೆಯುವ ಬಗ್ಗೆ ಕೈಪಿಡಿ ಬರೆಯುತ್ತಿದ್ದೇನೆ. ಫ್ರೀಕ್ವೆನ್ಸಿಗೆ ‘ಆವೃತ್ತಿ’ ಎಂದಿದ್ದೇನೆ; ಪುಟದಲ್ಲಿ ಯಾವುದು ಎಷ್ಟು ಸಲ ಮರುಕಳಿಸುತ್ತದೆ ಎಂಬುದನ್ನು ಚುಕ್ಕೆಗಳಾಗಿ ತೋರಿಸುವುದೇ ಆವೃತ್ತಿ ಚಿತ್ರ. ‘ಆವೃತ್ತಿ ಚಿತ್ರದಲ್ಲಿ ಪಟ್ಟೆಯ ಚುಕ್ಕೆಗಳಿಗೆ ಕಚ್ಚು ಹಾಕಿ’ ಎಂದು ಬರೆದರೆ ಅರ್ಥವಾಗುತ್ತದೆಯೇ? ಪುಟದ ಎತ್ತರ 1024 ಪಿಕ್ಸೆಲ್, 16 ಪಿಕ್ಸೆಲ್‌ಗೊಂದು ಪಟ್ಟೆ ಇದೆ.

ಉತ್ತರ 1: ಆವೃತ್ತಿ ಎಂದರೆ ಮೊದಲ ಮುದ್ರಣ, ಎರಡನೆಯ ಮುದ್ರಣ ಅಲ್ಲವೇ? ಒಂದು ಮುದ್ರಣದಲ್ಲಿ ಪಟ್ಟೆ ಇದ್ದರೆ ಇನ್ನೊಂದರ ಪ್ರತಿ ಹುಡುಕಿ.

ಉತ್ತರ 2: ಈ ಗೊಂದಲಕ್ಕೇ ‘ಕಂಪನಾಂಕ’ ಒಳ್ಳೆಯದು, ರೇಡಿಯೊದವರು ಬಳಸುತ್ತಾರೆ. ಅಷ್ಟಕ್ಕೂ ಚಿತ್ರವನ್ನು ತುಸು ಮಸುಕು ಮಾಡಿದರೆ ಪಟ್ಟೆ ಹೋಗುತ್ತದಲ್ಲ?

ಉತ್ತರ 3: ಹೋಗುತ್ತದೆ, ಅಕ್ಷರವೂ ಜೊತೆಗೆ ಹೋಗುತ್ತದೆ ಸರ್. 16 ಪಿಕ್ಸೆಲ್ ಅಂತರದ ಪಟ್ಟೆ ಅಳಿಯುವಷ್ಟು ಮಸುಕು ಮಾಡಿದರೆ ಮೂರು ನಾಲ್ಕು ಪಿಕ್ಸೆಲ್ ದಪ್ಪದ ಅಕ್ಷರದ ಗೆರೆ ಉಳಿಯುವುದಿಲ್ಲ. ಇಲ್ಲಿ ಕಂಪಿಸುವುದೂ ಏನಿಲ್ಲ, ಹಾಗಾಗಿ ‘ಕಂಪನಾಂಕ’ ನನಗೆ ಒಗ್ಗದು. ‘ಆವರ್ತನ’ ಎನ್ನಿ.

‘ಕಚ್ಚು’ ಮಾತ್ರ ಚೆನ್ನಾಗಿದೆ, ಏಕೆಂದರೆ ಕೆಲಸವೇ ಅದು. 1024ನ್ನು 16ರಿಂದ ಭಾಗಿಸಿದರೆ 64. ಆವರ್ತನ ಚಿತ್ರದ ನಡುವಿನಿಂದ ನೇರ ಮೇಲೆ 64ರಲ್ಲಿ ಒಂದು ಹೊಳೆಯುವ ಚುಕ್ಕೆ, ಕೆಳಗೆ ಅದರ ಜೋಡಿ. ಪಟ್ಟೆಯ ಅಂಚು ಚೂಪಾಗಿದ್ದರೆ 128, 192ರಲ್ಲೂ ಕಾಣುತ್ತವೆ. ಎರಡೂ ಕಡೆ ಅಷ್ಟನ್ನೇ ತಗ್ಗಿಸಬೇಕು, ನಡುವಿನ ಚುಕ್ಕೆಯನ್ನು ಮುಟ್ಟಬಾರದು; ಪುಟದ ಸರಾಸರಿ ಬೆಳಕು ಅಲ್ಲಿರುತ್ತದೆ. ಕಚ್ಚಿನ ಅಂಚು ನಯವಾಗಿ ಇಳಿಯಲಿ. ಕತ್ತರಿಸಿದಂತಿದ್ದರೆ ಅಕ್ಷರಗಳ ಸುತ್ತ ಅಲೆಯಂಥ ನೆರಳು ಬರುತ್ತದೆ.

ಮುಖ್ಯ ಅಪಾಯ ಬೇರೆ. ಅಚ್ಚಿನ ಸಾಲುಗಳೂ ಸಮ ಅಂತರದವೇ. ಸಾಲಿಗೆ 40 ಪಿಕ್ಸೆಲ್ ಇದ್ದರೆ ಅದೇ ಲಂಬರೇಖೆಯಲ್ಲಿ ಸುಮಾರು 26ರ ಹತ್ತಿರ ಅವುಗಳ ಚುಕ್ಕೆ ಇರುತ್ತದೆ. ಯಾವುದು ಪಟ್ಟೆಯದು ಎಂದು ತಿಳಿಯಲು ಬರಿಯ ಎಡ ಅಂಚನ್ನು ಪೂರ್ತಿ ಎತ್ತರಕ್ಕೆ ಕತ್ತರಿಸಿ ನೋಡಿ: ಅಲ್ಲಿಯೂ ಕಾಣುವುದು ಪಟ್ಟೆಯದು. ಕೊನೆಗೆ ಮೂಲದಿಂದ ಫಲಿತಾಂಶವನ್ನು ಕಳೆಯಿರಿ. ಉಳಿದದ್ದರಲ್ಲಿ ಪಟ್ಟೆ ಮಾತ್ರ ಇರಬೇಕು. ಅಕ್ಷರದ ಛಾಯೆ ಕಂಡರೆ ಕಚ್ಚು ಅಗಲವಾಗಿದೆ.

ಉತ್ತರ 4: ನನ್ನ ಬಳಿ ಪತ್ರಿಕೆಯಿಂದ ಸ್ಕ್ಯಾನ್ ಮಾಡಿದ ಫೋಟೊಗಳಿವೆ, ಮುಖದ ತುಂಬ ಚುಕ್ಕಿಚುಕ್ಕಿ. ಅದಕ್ಕೂ ಇದೇ ಮದ್ದೇ?

ಉತ್ತರ 3: ಮುದ್ರಣದ ಚುಕ್ಕಿ ಸ್ಪಷ್ಟವಾಗಿ ಸ್ಕ್ಯಾನ್ ಆಗಿದ್ದರೆ ಹೌದು, ಜೋಡಿಗಳು ಓರೆಯಾಗಿ ಹಲವೆಡೆ ಇರುತ್ತವೆ. ಕಡಿಮೆ ರೆಸಲ್ಯೂಷನ್‌ನಲ್ಲಿ ಮಾಡಿ ದೊಡ್ಡ ಅಲೆ ಎದ್ದಿದ್ದರೆ ಮೊದಲು ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ.

ಪ್ರಶ್ನೆ ಕೇಳಿದವರು: ‘ಕಚ್ಚು’ ಉಳಿಸಿಕೊಳ್ಳುತ್ತೇನೆ. ‘ಆವರ್ತನ’ವೂ ಸರಿ, ಆದರೆ ಶಾಲೆಯಲ್ಲಿ ‘ಆವೃತ್ತಿ’ ಎಂದೇ ಕಲಿತವರು ಏನನ್ನುತ್ತಾರೋ, ಅವರೂ ಬರೆಯಲಿ. ಇನ್ನೊಂದು: ನನ್ನ ಪುಟದಲ್ಲಿ ಸಾಲಿನ ಅಂತರ 32 ಪಿಕ್ಸೆಲ್. ಅದರ ಎರಡನೆಯ ಚುಕ್ಕೆಯೂ 64ರಲ್ಲೇ ಬಂದು ಕೂರುತ್ತದೆ. ಅಲ್ಲಿ ಕಚ್ಚು ಹಾಕಿದರೆ ಸಾಲುಗಳಿಗೆ ಎಷ್ಟು ಪೆಟ್ಟು?