ಮೀಟಿಂಗ್ ಟ್ರಾನ್ಸ್‌ಕ್ರಿಪ್ಟ್ ಚಿಕ್ಕದು ಮಾಡಿಸಿದರೆ, ಆಗದ ತೀರ್ಮಾನವೂ ಆಗಿದೆ ಅಂತ ಬರುತ್ತಿದೆ

ಬನಶಂಕರಿ_ಕಾರ್ಯದರ್ಶಿ:
ನಮಸ್ಕಾರ. ನಮ್ಮದು 48 ಮನೆಗಳ ಅಪಾರ್ಟ್‌ಮೆಂಟ್. ಭಾನುವಾರ ಸಂಘದ ಮೀಟಿಂಗ್ ಒಂದೂಮುಕ್ಕಾಲು ಗಂಟೆ ನಡೆಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ಟ್ರಾನ್ಸ್‌ಕ್ರಿಪ್ಟ್ ತೆಗೆದೆ, 22 ಪುಟ ಬಂತು. ಎಐ ಚಾಟ್‌ಗೆ ಹಾಕಿ "ಇದರ ಸಾರಾಂಶ ಕೊಡು" ಎಂದೆ. "ಟ್ಯಾಂಕರ್‌ನವರನ್ನು ಬದಲಾಯಿಸಲು ನಿರ್ಧರಿಸಲಾಯಿತು" ಎಂದು ಬರೆದಿದೆ. ಒಬ್ಬರು ಬದಲಾಯಿಸೋಣ ಎಂದಿದ್ದು ಮಾತ್ರ ನಿಜ, ನಿರ್ಧಾರ ಆಗಿಲ್ಲ. ಮೇಂಟೆನೆನ್ಸ್ ಬಾಕಿ ಇರುವ ಮೂವರ ಹೆಸರೂ ಬಂದಿದೆ. "ಚಿಕ್ಕದು ಮಾಡು", "ಹೆಸರು ತೆಗಿ" ಅಂತ ಒಂದೊಂದೇ ಹೇಳುತ್ತಾ ಹೋದೆ. ನಾಲ್ಕನೇ ಸಲಕ್ಕೆ ಸಂಪ್ ಕ್ಲೀನಿಂಗ್ ತಾರೀಖೇ ಇಲ್ಲ. ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಎಲ್ಲಿ ತಪ್ಪುತ್ತಿದ್ದೇನೆ?

ಚುಟುಕು_ಹುಡುಗ:
"200 ಪದದಲ್ಲಿ ಕೊಡು" ಅನ್ನಿ ಸರ್, ಅಷ್ಟು ಸಾಕು. ಉದ್ದ ಹೇಳದಿದ್ದರೆ ಅದು ಸುಮ್ನೆ ಬರೆಯುತ್ತಾ ಹೋಗುತ್ತದೆ.

ನಡಾವಳಿ_ಮಲ್ಲೇಶ್ವರ:
ಉದ್ದ ಹೇಳಬೇಕು, ನಿಜ. ಆದರೆ ಪದದ ಲೆಕ್ಕದಲ್ಲಿ ಈ ಟೂಲ್‌ಗಳು ಎಡವುತ್ತವೆ. "8 ಅಂಶ, ಒಂದಕ್ಕೆ ಎರಡು ವಾಕ್ಯ" ಎಂದರೆ ಹೆಚ್ಚು ಸರಿಯಾಗಿ ಪಾಲಿಸುತ್ತವೆ, ನೀವೂ ಕಣ್ಣಲ್ಲೇ ಎಣಿಸಬಹುದು.

ಕಾರ್ಯದರ್ಶಿಯವರೇ, ನಿಮಗೆ ತಾರೀಖು ಕಳೆದುಹೋದದ್ದು ಒಂದೊಂದಾಗಿ ತಿದ್ದಿಸಿದ್ದಕ್ಕೆ. ಎರಡನೇ ಸಲದಿಂದ ಅದು ಹೆಚ್ಚಾಗಿ ತಾನು ಬರೆದ ಸಾರಾಂಶವನ್ನೇ ಕತ್ತರಿಸುತ್ತಿರುತ್ತದೆ, 22 ಪುಟಕ್ಕೆ ಮತ್ತೆ ಹೋಗುವುದು ಕಡಿಮೆ. ಅದಕ್ಕೇ ಹೊಸ ಚಾಟ್ ತೆರೆಯಿರಿ. ಎಲ್ಲ ಷರತ್ತನ್ನೂ ಮೊದಲೇ ಹೇಳಿ, ಆಮೇಲೆ ಟ್ರಾನ್ಸ್‌ಕ್ರಿಪ್ಟ್ ಹಾಕಿ.

ಓದುವವರು ಯಾರು ಎಂಬುದನ್ನು ಬಿಡಬೇಡಿ. ನಾನು ಸಂಘದ ನಡಾವಳಿ ಬರೆಯುತ್ತಿದ್ದಾಗಲೂ ಮೊದಲು ಇದನ್ನೇ ಕೇಳಿಕೊಳ್ಳುತ್ತಿದ್ದೆ. ಮೀಟಿಂಗಿಗೆ ಬಾರದವರಿಗೆ ಯಾರು ಏನು ವಾದ ಮಾಡಿದರು ಅನ್ನುವುದು ಬೇಡ. ನೀರು ಎಂದು ನಿಲ್ಲುತ್ತದೆ, ದುಡ್ಡು ಎಷ್ಟು ಕೊಡಬೇಕು, ಅಷ್ಟು ಬೇಕು. ಕಮಿಟಿಯವರಿಗಾದರೆ ವಾದವೂ ಬೇಕು. ನಿಮ್ಮದಕ್ಕೆ ಹೀಗೆ ಬರೆಯುತ್ತಿದ್ದೆ:

```
ಓದುವವರು: 48 ಮನೆಯವರು, ಕೆಲವರು ಮೀಟಿಂಗಿಗೆ ಬಂದಿಲ್ಲ.
ಉದ್ದ: ಹೆಚ್ಚೆಂದರೆ 8 ಅಂಶ, ಒಂದಕ್ಕೆ 2 ವಾಕ್ಯ.
ರೂಪ: ಮೊದಲು ತೀರ್ಮಾನಗಳು (ಯಾರು, ಯಾವಾಗ).
ಆಮೇಲೆ ತೀರ್ಮಾನ ಆಗದವು. ಟೇಬಲ್ ಬೇಡ, ** ಬೇಡ.
ಬೇಡ: ಬಾಕಿ ಇರುವವರ ಹೆಸರು, ಮನೆ ನಂಬರ್.
ಸಭೆ ಒಪ್ಪಿದ್ದು ಮಾತ್ರ ತೀರ್ಮಾನ. ಒಬ್ಬರ ಸಲಹೆ ತೀರ್ಮಾನ ಅಲ್ಲ.
ಯಾರು, ಯಾವಾಗ ಎಂದು ಹೇಳಿರದಿದ್ದರೆ "ಹೇಳಿಲ್ಲ" ಎಂದು ಬರೆ.
```

ಟ್ಯಾಂಕರ್ ಎಡವಟ್ಟಿಗೆ ಔಷಧ ಕೊನೆಯ ಎರಡು ಸಾಲು. "ತೀರ್ಮಾನ" ಅಂದರೆ ಏನು ಎಂದು ಹೇಳದಿದ್ದರೆ ಮಾಡೋಣ ಎಂದದ್ದೆಲ್ಲ ಅಲ್ಲಿ ತೀರ್ಮಾನವಾಗಿಬಿಡುತ್ತದೆ. ಟೇಬಲ್ ವಾಟ್ಸಾಪ್‌ನಲ್ಲಿ ಚದುರಿಹೋಗುತ್ತದೆ. ದಪ್ಪ ಅಕ್ಷರಕ್ಕೆ ಅಲ್ಲಿ ಎರಡೂ ಬದಿಗೆ ಒಂದೊಂದೇ ನಕ್ಷತ್ರ ಸಾಕು, ಈ ಟೂಲ್‌ಗಳು ಎರಡೆರಡು ಹಾಕುತ್ತವೆ.

ಹುಳಿಪುಡಿ_ಸುಮ:
ನಾನು ಅಜ್ಜಿ ಅಡುಗೆ ಹೇಳಿದ್ದನ್ನು ರೆಕಾರ್ಡ್ ಮಾಡಿ ಹೀಗೇ ಚಿಕ್ಕದು ಮಾಡಿಸಿದೆ. "ಹರಟೆ ಬೇಡ" ಎಂದಿದ್ದೆ. ಮೆಂತ್ಯವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಕಪ್ಪಾದರೆ ಕಹಿ ಎಂಬ ಮಾತು ಅಜ್ಜಿಯ ತವರಿನ ಕತೆಯೊಳಗೆ ಬಂದಿತ್ತು. ಅದೂ ಹೋಯಿತು! ಒಳ್ಳೆ ಟ್ರಾನ್ಸ್‌ಕ್ರಿಪ್ಟ್ ಆ್ಯಪ್ ಯಾವುದು, ಯಾರಾದರೂ ಹೇಳ್ತೀರಾ?

ನಡಾವಳಿ_ಮಲ್ಲೇಶ್ವರ:
ಸುಮ ಅವರೇ, ಆ್ಯಪ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಆ ಮಾತು ಇತ್ತಲ್ವಾ? ಯಾವುದು ಹರಟೆ ಎಂದು ಟೂಲ್ ತಾನೇ ಅಂದಾಜು ಮಾಡಿತು. ಬೇಡದ್ದನ್ನು ಹೆಸರು ಹಿಡಿದು ಹೇಳಿ: "ನೆಂಟರ ಸುದ್ದಿ, ಊರಿನ ವಿಷಯ ಬೇಡ. ಅಳತೆ, ಉರಿ, ಎಚ್ಚರಿಕೆ ಎಲ್ಲಿ ಬಂದರೂ ಇಟ್ಟುಕೋ."

ಬನಶಂಕರಿ_ಕಾರ್ಯದರ್ಶಿ:
ಹೊಸ ಚಾಟ್‌ನಲ್ಲಿ ಮಾಡಿದೆ. 7 ಅಂಶ ಬಂತು. ಸಂಪ್ ತಾರೀಖು ಇದೆ, ಟ್ಯಾಂಕರ್ ವಿಷಯ "ತೀರ್ಮಾನ ಆಗಿಲ್ಲ" ಕೆಳಗೆ ಹೋಗಿದೆ. ಆದರೆ ಬಾಕಿಯ ಸಾಲಿನಲ್ಲಿ "ಲಿಫ್ಟ್ ಪಕ್ಕದ ಮನೆಯವರು" ಎಂದಿದೆ. ಹೆಸರಿಲ್ಲ, ನಂಬರಿಲ್ಲ, ಆದರೂ ಎಲ್ಲರಿಗೂ ಗೊತ್ತಾಗುತ್ತದೆ.

ನಡಾವಳಿ_ಮಲ್ಲೇಶ್ವರ:
ಅಯ್ಯೋ, ಅದನ್ನು ನಾನೂ ಯೋಚಿಸಿರಲಿಲ್ಲ. ಬೇಡ ಎಂದಷ್ಟೇ ಹೇಳದೆ, ಅದರ ಬದಲು ಏನು ಬರೆಯಬೇಕು ಎಂದೂ ಹೇಳಿ: "ಬಾಕಿಯ ಬಗ್ಗೆ 'ಮೂರು ಮನೆಗಳ ಬಾಕಿ ಇದೆ' ಎಂಬ ಒಂದೇ ವಾಕ್ಯ." ಆದರೆ ಇಂಥ ವಿಷಯದಲ್ಲಿ ಸೂಚನೆಯನ್ನೇ ನಂಬಬೇಡಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬಾಕಿಯ ಮಾತು ಬಂದಿರುವ ಭಾಗವನ್ನು ನೀವೇ ಅಳಿಸಿ, ಆಮೇಲೆ ಹಾಕಿ. ಒಳಗೆ ಹೋಗದ್ದು ಹೊರಗೆ ಬರುವುದಿಲ್ಲ. ಹೊರಗಿನ ಟೂಲ್‌ಗೆ ನೆರೆಯವರ ಹೆಸರು ಕೊಟ್ಟಂತೆಯೂ ಆಗುವುದಿಲ್ಲ.

ಕಳಿಸುವ ಮುಂಚೆ ಪ್ರತಿ ತಾರೀಖು, ಪ್ರತಿ ಮೊತ್ತವನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹುಡುಕಿ ನೋಡಿ. 7 ಅಂಶಕ್ಕೆ ಹತ್ತು ನಿಮಿಷ ಸಾಕು.

ಚುಟುಕು_ಹುಡುಗ:
ಸೂಚನೆ ಇಂಗ್ಲಿಷ್‌ನಲ್ಲಿ ಕೊಟ್ಟು ಉತ್ತರ ಮಾತ್ರ ಕನ್ನಡದಲ್ಲಿ ಕೇಳಿದರೆ ಇನ್ನೂ ಚೆನ್ನಾಗಿ ಬರುತ್ತದೆ.

ಹುಳಿಪುಡಿ_ಸುಮ:
ನನಗೆ ಹಾಗೆ ಮಾಡಿದರೆ ಕನ್ನಡ ಆಫೀಸ್ ನೋಟಿಸ್ ಥರ ಬಂತು. ಅಜ್ಜಿ ಮಾತಿಗೆ ಕನ್ನಡದ ಸೂಚನೆಯೇ ಹೊಂದಿತು.

ಬನಶಂಕರಿ_ಕಾರ್ಯದರ್ಶಿ:
ಬಾಕಿ ಭಾಗ ಅಳಿಸಿ ಮತ್ತೆ ಹಾಕಿದೆ, ಈಗ ಆ ಸಾಲೇ ಇಲ್ಲ. ಹುಡುಕಿ ನೋಡುವಾಗ ಒಂದು ಸಿಕ್ಕಿತು. ಪೇಂಟಿಂಗ್ ಮೊತ್ತ ಟ್ರಾನ್ಸ್‌ಕ್ರಿಪ್ಟ್‌ನಲ್ಲೇ ಎರಡು ಕಡೆ ಎರಡು ಥರ ಇದೆ. ರೆಕಾರ್ಡಿಂಗ್ ಕೇಳಿಸಿಕೊಂಡು ಆಮೇಲೆ ಗ್ರೂಪಿಗೆ ಹಾಕುತ್ತೇನೆ.