ಮಾಲು ಬಂತು, ಆದರೆ ಡೇಟ್ ಹತ್ತಿರ ಇದೆ: ಬದಲಿ ಕೇಳಬೇಕಾ, ರೇಟ್ ಇಳಿಸಿ ಅನ್ನಬೇಕಾ?

ಗೋಕರ್ಣದಿಂದ ಪ್ರಶ್ನೆ: ನನ್ನದು ಸಣ್ಣ ಅಂಗಡಿ. ಇವತ್ತು ಬೆಳಿಗ್ಗೆ 8 ಬಾಕ್ಸ್ ಜ್ಯೂಸ್ ಬಂತು. ಲೀಟರ್ ಪ್ಯಾಕ್, ಒಟ್ಟು 96. ಆರು ತಿಂಗಳ ಮಾಲು, ಉಳಿದಿರುವುದು 50 ದಿನ. ಸಹಿ ಹಾಕಿ ಇಳಿಸಿಕೊಂಡಾಗಿದೆ. ಬಿಲ್ಲಿನಲ್ಲಿ ‘ಮಾರಿದ ಮಾಲು ವಾಪಸ್ ಇಲ್ಲ’ ಎಂದಿದೆ. ಮಳೆಗಾಲ ಬೇರೆ, ಗಿರಾಕಿ ಕಡಿಮೆ. ಏನು ಕೇಳಲಿ?

ಕಾರವಾರ: ಇದಕ್ಕೆ ಕಾನೂನೇ ಇದೆ. ಡೆಲಿವರಿ ಹೊತ್ತಿಗೆ ಶೇಕಡಾ 30ರಷ್ಟು ಆಯಸ್ಸು ಅಥವಾ 45 ದಿನ ಉಳಿದಿರಬೇಕು ಅಂತ FSSAI 2024ರಲ್ಲಿ ಹೇಳಿದೆ. ಅದನ್ನು ತೋರಿಸಿ, ಎಂಟೂ ಬಾಕ್ಸ್ ವಾಪಸ್ ಕಳಿಸಿಬಿಡಿ.

ಕುಮಟಾ: ಅಣ್ಣಾ, ಅದು ಆನ್‌ಲೈನ್‌ನಲ್ಲಿ ಮಾರಿ ಮನೆಗೆ ತಲುಪಿಸುವವರಿಗೆ ಹೇಳಿದ್ದು. ಡಿಸ್ಟ್ರಿಬ್ಯೂಟರಿನಿಂದ ಅಂಗಡಿಗೆ ಬರುವ ಮಾಲಿಗೆ ಅದನ್ನು ಹಿಡಿದುಕೊಂಡು ಹೋದರೆ ನಿಲ್ಲುವುದಿಲ್ಲ. ಮೇಲಾಗಿ ಇವರ ಹತ್ತಿರ 50 ದಿನ ಇದೆ, 45 ದಾಟಿದೆ ಅಂತ ಅವರೇ ತಿರುಗಿಸಿ ಹೇಳುತ್ತಾರೆ.

ನಾನು ಮೊದಲು ಡಿಸ್ಟ್ರಿಬ್ಯೂಟರ್ ಹತ್ತಿರ ಲೈನ್ ಸೇಲ್ಸ್‌ನಲ್ಲಿದ್ದೆ, ಈಗ ನನ್ನದೇ ಅಂಗಡಿ. ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಇವತ್ತೇ ಫೋನ್ ಮಾಡಿ, ನಾಳೆ ಅನ್ನಬೇಡಿ. 50 ದಿನ ಇರುವ ಬಾಕ್ಸನ್ನು ಅವರು ಇನ್ನೂ ಜಾಸ್ತಿ ಓಡುವ ಅಂಗಡಿಗೆ ಹಾಕಬಹುದು. ನೀವು ಇಪ್ಪತ್ತು ದಿನ ಇಟ್ಟುಕೊಂಡು ಕೇಳಿದರೆ ಆ ಬಾಕ್ಸು ಅವರಿಗೂ ಬೇಡದ ಮಾಲು, ಆಗ ಬಿಲ್ಲಿನ ಕೆಳಗಿನ ಆ ಸಾಲು ಓದಿ ಹೇಳುತ್ತಾರೆ. ಇವತ್ತು ಕೇಳಿದರೆ ಅದೇ ಸಾಲನ್ನು ಎಷ್ಟೋ ಸಲ ಬದಿಗಿಡುತ್ತಾರೆ, ಮುಂದಿನ ಆರ್ಡರ್ ಅವರಿಗೂ ಬೇಕಲ್ವಾ.

ಇನ್ನು ಎಷ್ಟು ಕೇಳಬೇಕು ಅನ್ನುವುದು. ಮಳೆಯಲ್ಲಿ ನಿಮಗೆ ವಾರಕ್ಕೆ ಎಷ್ಟು ಪ್ಯಾಕ್ ಹೋಗುತ್ತದೆ, ಯಾವ ರೇಟಿಗೆ ತಗೊಂಡಿರಿ?

ಗೋಕರ್ಣ: ವಾರಕ್ಕೆ ಹತ್ತು ಹೋದರೆ ಹೆಚ್ಚು. 90ಕ್ಕೆ ತಗೊಂಡಿದ್ದು, ಎಮ್‌ಆರ್‌ಪಿ 110.

ಕುಮಟಾ: ಹಾಗಾದರೆ ನೋಡಿ. ಕೊನೆಯ ಹತ್ತು ದಿನ ಡೇಟ್ ನೋಡಿದ ಗಿರಾಕಿ ಮುಟ್ಟುವುದಿಲ್ಲ, ಅದನ್ನು ಬಿಡಿ. ಉಳಿದ 40 ದಿನದಲ್ಲಿ ಹೆಚ್ಚೆಂದರೆ 60 ಪ್ಯಾಕ್ ಹೋಗುತ್ತದೆ. ಸಿಕ್ಕಿಬೀಳುವುದು 36, ಅಂದರೆ 3 ಬಾಕ್ಸ್. ನಿಮ್ಮ ಮಾತು ಈ 3 ಬಾಕ್ಸಿನ ಬಗ್ಗೆ ಮಾತ್ರ ಇರಲಿ. ಎಂಟಕ್ಕೂ ಕೇಳಿದರೆ ಸುಮ್ನೆ ಜಗಳ ಆಗುತ್ತದೆ, ಲೆಕ್ಕ ಹೇಳಿ ಮೂರಕ್ಕೆ ಕೇಳಿದರೆ ಅವರಿಗೆ ಇಲ್ಲ ಅನ್ನುವುದು ಕಷ್ಟ.

ಮೊದಲು ಬದಲಿ ಕೇಳಿ, ಹೊಸ ಬ್ಯಾಚಿನದು. ಆಗುವುದಿಲ್ಲ ಅಂದರೆ ರೇಟ್. ಆ 36 ಪ್ಯಾಕನ್ನು 85ಕ್ಕೆ ಹೋಮ್‌ಸ್ಟೇಯವರಿಗೆ ಕೊಟ್ಟು ಖಾಲಿ ಮಾಡುತ್ತೀರಿ ಅಂದುಕೊಳ್ಳಿ. 110ಕ್ಕೆ ಮಾರಬೇಕಿದ್ದದ್ದು, ಪ್ಯಾಕಿಗೆ 25 ಹೋಯಿತು. 36ಕ್ಕೆ 900 ರೂಪಾಯಿ. ಅಷ್ಟಕ್ಕೆ ಕ್ರೆಡಿಟ್ ನೋಟ್ ಕೇಳಿ. ಬಾಯಿಮಾತಿನಲ್ಲಿ ‘ಮುಂದಿನ ಬಿಲ್ಲಲ್ಲಿ ನೋಡೋಣ’ ಅಂದರೆ ಒಪ್ಪಬೇಡಿ, ಮುಂದಿನ ತಿಂಗಳು ಸೇಲ್ಸ್‌ಮನ್ನೇ ಬದಲಾಗಿರುತ್ತಾನೆ.

ಒಂದು ಎಚ್ಚರ. ರೇಟ್ ಇಳಿಸಿಕೊಂಡ ಮಾಲನ್ನು ಡೇಟ್ ಮುಗಿದ ಮೇಲೆ ಅವರು ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಕ್ರೆಡಿಟ್ ನೋಟಿನಲ್ಲಿ ಬ್ಯಾಚ್ ನಂಬರ್, 36 ಪ್ಯಾಕ್ ಎಂದು ಸ್ಪಷ್ಟವಾಗಿ ಬರೆಸಿ. ಇಲ್ಲದಿದ್ದರೆ ಉಳಿದ ಐದು ಬಾಕ್ಸಿನ ಎಕ್ಸ್‌ಪೈರಿ ಹಕ್ಕೂ ಹೋಗುತ್ತದೆ.

ಶಿರಸಿ: ನಾವು ನಾಲ್ಕು ಮನೆಯವರು ಸೇರಿ ಹಲಸಿನ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತೇವೆ, ಅಂದರೆ ನಾವು ಆ ಕಡೆಯವರು. ಒಬ್ಬರು ಮೂರು ತಿಂಗಳು ಒಳಗೆ ಇಟ್ಟುಕೊಂಡು, ಆಮೇಲೆ ‘ಡೇಟ್ ಹತ್ತಿರದ್ದೇ ಕೊಟ್ಟಿರಿ’ ಅಂದರು. ನಮ್ಮ ಹತ್ತಿರ ಪ್ಯಾಕಿನ ಡೇಟ್ ಬರೆದ ಚಲನ್ ಇರಲಿಲ್ಲ, 2 ಕೆಜಿ ಬದಲಿ ಕೊಡಬೇಕಾಯಿತು. ತುಂಬಾ ಬೇಸರ ಆಯಿತು. ಅದಕ್ಕೇ ಹೇಳುವುದು, ಬಾಕ್ಸ್ ಒಡೆದ ಕೂಡಲೇ ಡೇಟು, ಬ್ಯಾಚು ಕಾಣುವ ಹಾಗೆ ಬಿಲ್ಲನ್ನೂ ಪಕ್ಕ ಇಟ್ಟು ಫೋಟೋ ತೆಗೆದು ಅದೇ ದಿನ ವಾಟ್ಸಾಪ್ ಮಾಡಿ. ನಿಜ ಹೇಳುವ ಅಂಗಡಿಯವರನ್ನು ನಾವೂ ನಂಬಬಹುದು.

ಕುಮಟಾ: ಅಕ್ಕ ಹೇಳಿದ್ದು ಸರಿ. ಎಂಟೂ ಬಾಕ್ಸಿನಿಂದ ಒಂದೊಂದು ಪ್ಯಾಕ್ ತೆಗೆದು ನೋಡಿ. ಕೆಲವು ಸಲ ಬೇರೆ ಬೇರೆ ಬ್ಯಾಚ್ ಸೇರಿರುತ್ತದೆ.

ಗೋಕರ್ಣ: ನೋಡಿದೆ. 6 ಬಾಕ್ಸ್ 50 ದಿನದ್ದು, ಉಳಿದ 2 ಬಾಕ್ಸಿಗೆ ಇನ್ನೂ ನಾಲ್ಕು ತಿಂಗಳಿದೆ! ಅಂದರೆ ಹತ್ತಿರದ ಡೇಟಿನದು 72 ಪ್ಯಾಕ್.

ಕುಮಟಾ: ಹಾಗಾದರೆ ಲೆಕ್ಕ ಬದಲಾಯಿತು. 72ರಲ್ಲಿ 60 ಹೋಗುತ್ತದೆ, ಸಿಕ್ಕಿಬೀಳುವುದು 12. ಒಂದೇ ಬಾಕ್ಸ್ ಕೇಳಿ, ಇಲ್ಲದಿದ್ದರೆ 300 ರೂಪಾಯಿ. ಹತ್ತಿರದ ಡೇಟಿನದನ್ನು ಮುಂದಿಟ್ಟು ಮಾರಿ, ಉಳಿದೆರಡು ಬಾಕ್ಸ್ ಒಳಗಿರಲಿ.

ಕಾರವಾರ: ನಾನಾದರೆ ಆರೂ ವಾಪಸ್ ಅನ್ನುತ್ತಿದ್ದೆ. ವಾರಕ್ಕೆ ಹತ್ತು ಹೋಗುತ್ತದೆ ಅಂತ ಯಾರು ಕಂಡರು? ಜೋರು ಮಳೆ ಹಿಡಿದರೆ ಐದೂ ಹೋಗುವುದಿಲ್ಲ.

ಗೋಕರ್ಣ: ಅದೂ ಹೌದು. ಫೋನ್ ಮಾಡಿ 2 ಬಾಕ್ಸ್ ಕೇಳಿದೆ. ಒಂದನ್ನು ಗುರುವಾರದ ಗಾಡಿಯಲ್ಲಿ ಬದಲಿ ಕಳಿಸುತ್ತಾರಂತೆ, ಇನ್ನೊಂದರ ಬಗ್ಗೆ ಮಾಲೀಕರನ್ನು ಕೇಳಿ ಹೇಳುತ್ತೇನೆ ಅಂದರು. ಸಹಿ ಹಾಕುವ ಮೊದಲೇ ಬಾಕ್ಸ್ ಒಡೆದು ನೋಡೋಣ ಅಂದರೆ ಗಾಡಿಯವರು ಐದು ನಿಮಿಷವೂ ನಿಲ್ಲುವುದಿಲ್ಲ. ಅದಕ್ಕೆ ನೀವೆಲ್ಲ ಏನು ಮಾಡುತ್ತೀರಿ?