ಬೈಕ್ ಗುದ್ದಿದವನು ತಕ್ದೀರ್ ಎನ್ನಬಹುದೇ?

"ಕಾಕಾ, ಹಾಲಿನ ಅಜ್ಜನಿಗೆ ಬೈಕ್ ಗುದ್ದಿದ ಹುಡುಗನ ಮನೆಯವರು 'ತಕ್ದೀರಿನಲ್ಲಿ ಬರೆದಿತ್ತು' ಎನ್ನುತ್ತಿದ್ದಾರೆ. ದೇವರು ಮೊದಲೇ ಬರೆದಿದ್ದರೆ ಹುಡುಗನ ತಪ್ಪೇನು?"

ತಂಗಿ, ಆ ಹುಡುಗ ನನ್ನ ತಂಗಿಯ ಮಗ. ಹಾಗೆಂದವರಲ್ಲಿ ನಮ್ಮ ಮನೆಯವರೂ ಇದ್ದಾರೆ. ಟೈಪ್ ಮಾಡಲು ಬೆರಳು ಸಾಗುವುದಿಲ್ಲ, ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಎಂಟನೇ ಶತಮಾನದಲ್ಲಿ ಜಹಮ್ ಬಿನ್ ಸಫ್ವಾನ್ ಎಂಬವನಿದ್ದ. ಮರ ಅಲುಗಿತು, ಸೂರ್ಯ ಮುಳುಗಿದ ಎನ್ನುತ್ತೇವಲ್ಲ, ಮನುಷ್ಯ ಮಾಡಿದ ಎನ್ನುವುದೂ ಅಂಥದೇ ಮಾತು, ನಿಜದಲ್ಲಿ ಮಾಡುವವನು ದೇವರೊಬ್ಬನೇ ಎಂದ. ಈ ಪಂಥಕ್ಕೆ ಜಬರಿಯಾ ಎಂದು ಹೆಸರು. ಇದಕ್ಕೆ ಎದುರು ನಿಂತವರು ಮುಅತಜಿಲಾ ಎಂಬ ಪಂಥದವರು. ಮಾಡಿಸಿದವನೇ ಶಿಕ್ಷಿಸುವುದು ಅನ್ಯಾಯ, ದೇವರು ಅನ್ಯಾಯ ಮಾಡಲಾರ, ಆದ್ದರಿಂದ ಮನುಷ್ಯನ ಕೆಲಸವನ್ನು ಮನುಷ್ಯನೇ ಸೃಷ್ಟಿಸುತ್ತಾನೆ ಎಂದರು. ಮಾತು ಖಡಕ್ಕಾಗಿದೆ. ಆದರೆ ದೇವರು ಸೃಷ್ಟಿಸದ ವಸ್ತುವೊಂದು ಲೋಕದಲ್ಲಿ ಉಳಿದುಬಿಡುತ್ತದೆಯಲ್ಲ, ಉಳಿದವರಿಗೆ ಅಲ್ಲೇ ಸಿಕ್ಕು.

ಮುಅತಜಿಲಾಗಳ ಪಾಳಯದಿಂದಲೇ ಹೊರಬಂದ ಅಬುಲ್ ಹಸನ್ ಅಶ್ಅರಿ ನಡುದಾರಿ ಹುಡುಕಿದರು. ಅವರ ಪಂಥದವರು ಕೊಡುವ ಉದಾಹರಣೆ ನೋಡು. ವಾತದಿಂದ ನಡುಗುವ ಕೈಯೂ ಅಲುಗುತ್ತದೆ, ತಟ್ಟೆಗೆ ಚಾಚಿದ ಕೈಯೂ ಅಲುಗುತ್ತದೆ. ಎರಡನ್ನೂ ಸೃಷ್ಟಿಸುವವನು ದೇವರು. ಆದರೆ ಎರಡನೆಯದು ನನ್ನದು ಎಂದು ಒಳಗೆ ನನಗೆ ಗೊತ್ತು. ಆ 'ನನ್ನದು' ಎಂಬುದಕ್ಕೆ ಅವರು ಕಸ್ಬ್, ಅಂದರೆ ಗಳಿಕೆ, ಎಂದು ಹೆಸರಿಟ್ಟರು. ಗಳಿಕೆ ಎಂದರೇನೆಂದು ಬಿಡಿಸಿ ಕೇಳಿದರೆ ಉತ್ತರ ಕೂದಲಿಗಿಂತ ತೆಳು. 'ಅಶ್ಅರಿಯ ಕಸ್ಬಿಗಿಂತ ಸೂಕ್ಷ್ಮ' ಎಂಬ ಗಾದೆಯೇ ಅರಬ್ಬಿಯಲ್ಲಿ ಹುಟ್ಟಿತು! ಅದೇ ಕಾಲದಲ್ಲಿ ಸಮರ್‌ಕಂದಿನಲ್ಲಿದ್ದ ಮಾತುರೀದಿಯವರ ದಾರಿ ನನಗೆ ಹೆಚ್ಚು ಹಿಡಿಸುತ್ತದೆ, ನಮ್ಮ ಕಡೆಯ ಹನಫಿಗಳದ್ದೂ ಅದೇ. ಕೊಟ್ಟ ಶಕ್ತಿ ಎರಡೂ ಕಡೆಗೆ ತಿರುಗಬಲ್ಲದು, ಯಾವ ಕಡೆಗೆ ತಿರುಗಿಸಿದೆ ಎನ್ನುವುದು ನಿನ್ನ ಲೆಕ್ಕ. ಅನಾಥ ಮಗುವಿನ ಕೆನ್ನೆಗೆ ಬಿದ್ದ ಏಟನ್ನೇ ತೆಗೆದುಕೋ. ಬುದ್ಧಿ ಕಲಿಸಲು ಹೊಡೆದರೂ ನೋಯಿಸಲು ಹೊಡೆದರೂ ಕೈಯ ಚಲನೆ ಒಂದೇ. ಆ ಚಲನೆ ದೇವರ ಸೃಷ್ಟಿ. ಅದು ಒಳ್ಳೆಯದೋ ಕೆಟ್ಟದ್ದೋ ಆದದ್ದು ಹೊಡೆದವನ ಸಂಕಲ್ಪದಿಂದ.

ಈಗ ನಮ್ಮ ಹುಡುಗನ ವಿಷಯ. ಬ್ರೇಕ್ ತುಂಡಾಗಿದ್ದರೆ ಅದು ನಡುಗುವ ಕೈ. ಅವನು ಹೆಬ್ಬೆರಳಿನಿಂದ ಮೊಬೈಲ್ ತೆರೆದು ಸಂದೇಶ ಓದುತ್ತಿದ್ದ, ನನ್ನ ಮುಂದೆಯೇ ಒಪ್ಪಿಕೊಂಡಿದ್ದಾನೆ. ಅದೇ ಕಣ್ಣು ರಸ್ತೆಯ ಕಡೆಗೂ ತಿರುಗಬಹುದಿತ್ತು. ಬೇಕೆಂದು ಗುದ್ದಲಿಲ್ಲ, ನಿಜ. ಹಾಗೆಂದು ಹೊಣೆ ತಪ್ಪುವುದಿಲ್ಲ. ಕುರ್‌ಆನಿನ ನಾಲ್ಕನೇ ಅಧ್ಯಾಯದ 92ನೇ ವಚನ ಕೈತಪ್ಪಿನಿಂದ ಆದ ಸಾವಿಗೂ ಪರಿಹಾರ ಕೊಡಲು ಹೇಳುತ್ತದೆ.

ತಕ್ದೀರ್ ಎಂಬ ಮಾತನ್ನು ಯಾರು ಆಡುತ್ತಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ, ತಂಗಿ. ಏಳನೇ ಅಧ್ಯಾಯದಲ್ಲಿ ಎರಡು ಮಾತುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಸೈತಾನನಾದ ಇಬ್ಲೀಸ್ 'ನೀನು ನನ್ನನ್ನು ದಾರಿ ತಪ್ಪಿಸಿದೆ' ಎಂದು ದೇವರ ಮೇಲೆ ಹೊರಿಸಿದ. ಆದಮ್ ಮತ್ತು ಅವನ ಹೆಂಡತಿ 'ನಮ್ಮ ಮೇಲೆ ನಾವೇ ಅನ್ಯಾಯ ಮಾಡಿಕೊಂಡೆವು' ಎಂದರು. ಅದೇ ಆದಮ್ ಪ್ರವಾದಿಯವರ ಒಂದು ಹದೀಸಿನಲ್ಲಿ ಪ್ರವಾದಿ ಮೂಸಾರೊಂದಿಗೆ ವಾದ ಮಾಡುತ್ತಾನೆ. 'ನಿನ್ನಿಂದ ನಾವು ಸ್ವರ್ಗದಿಂದ ಹೊರಬಿದ್ದೆವು' ಎಂದು ಮೂಸಾ ಅಂದಾಗ, 'ನನ್ನನ್ನು ಸೃಷ್ಟಿಸುವ ಮೊದಲೇ ಬರೆದದ್ದಕ್ಕೆ ನನ್ನನ್ನು ದೂರುತ್ತೀಯಾ' ಎಂದು ಕೇಳಿ ಗೆಲ್ಲುತ್ತಾನೆ. ಜಬರಿಯಾದವರಿಗೆ ಇದು ಹಬ್ಬ. ಆದರೆ ಇಬ್ನ್ ತೈಮಿಯಾ ಎಂಬ ವಿದ್ವಾಂಸರು ಇದನ್ನು ಬೇರೆ ರೀತಿ ಓದಿದರು. ಮೂಸಾ ದೂರಿದ್ದು ಪಾಪವನ್ನಲ್ಲ, ಅದರಿಂದ ಬಂದ ಕಷ್ಟವನ್ನು. ಪಾಪವನ್ನು ಆದಮ್ ಎಂದೋ ಒಪ್ಪಿಕೊಂಡು ತೌಬಾ, ಅಂದರೆ ಪಶ್ಚಾತ್ತಾಪ, ಮಾಡಿ ಆಗಿತ್ತು. ಬಂದ ಕಷ್ಟಕ್ಕೆ ತಕ್ದೀರನ್ನು ಹೇಳಬಹುದು, ಮಾಡಿದ ತಪ್ಪಿಗೆ ಹೇಳುವಂತಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಲಿಗೆ ಪ್ಲಾಸ್ಟರ್, ಮಂಚದ ಕೆಳಗೆ ಜಜ್ಜಿಹೋದ ಹಾಲಿನ ಕ್ಯಾನ್. 'ಹಣೆಬರಹ, ಸಾಹೇಬರೇ' ಎಂದು ಅಜ್ಜ ತಾನೇ ನನಗೆ ಸಮಾಧಾನ ಹೇಳಿದ. ಅವನ ಬಾಯಲ್ಲಿ ಆ ಮಾತು ಸಬರ್, ಪೆಟ್ಟು ತಿಂದವನ ತಾಳ್ಮೆ. ನಮ್ಮ ಹುಡುಗನ ಬಾಯಲ್ಲಿ ಅದು ಇಬ್ಲೀಸನ ಮಾತಾಗುತ್ತದೆ. ಹುಡುಗನ ತಾಯಿಗೂ ಇದನ್ನೇ ಹೇಳಿದೆ, ಮುಖ ತಿರುಗಿಸಿದಳು, ಇರಲಿ.

ಶುಕ್ರವಾರ ನಮಾಜ್ ಮುಗಿದ ಮೇಲೆ ಹುಡುಗನನ್ನು ಅಜ್ಜನ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಆಸ್ಪತ್ರೆಯ ಬಿಲ್ಲು, ಕ್ಯಾನಿನ ಹಣ, ಅಜ್ಜ ಎದ್ದು ಓಡಾಡುವವರೆಗಿನ ಹಾಲಿನ ವ್ಯಾಪಾರದ ನಷ್ಟ, ಎಲ್ಲವನ್ನೂ ಅಲ್ಲೇ ಲೆಕ್ಕ ಹಾಕುತ್ತೇವೆ. ಬೈಕಿನ ಕೀಲಿ ಸದ್ಯ ನನ್ನ ಜೇಬಿನಲ್ಲಿದೆ.